ತತ್ತ್ವಮಸಿಯಾ, ಅತತ್ತ್ವಮಸಿಯಾ: 20 ನಿಮಿಷದ ಸ್ಕ್ರಿಪ್ಟಿಗೆ ಸಹಾಯ ಬೇಕು

ಬದಿಯಡ್ಕದ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದಿಂದ ತಿಂಗಳಿಗೊಂದು ವಿಡಿಯೋ ಮಾಡ್ತೇವೆ, 20 ನಿಮಿಷದ್ದು. ಈ ಸಲ ನಾನು ಛಾಂದೋಗ್ಯ ಉಪನಿಷತ್ತಿನ ಉದ್ದಾಲಕ-ಶ್ವೇತಕೇತು ಸಂವಾದ ತಗೊಂಡಿದ್ದೇನೆ, ಅದರಲ್ಲೂ ಒಂದೇ ಮಾತು. ನಮ್ಮ ಸ್ಮಾರ್ತರ ಮನೆಗಳಲ್ಲಿ ಅದನ್ನು ತತ್ತ್ವಮಸಿ, ಅದೇ ನೀನು ಅಂತ ಹೇಳ್ತಾರೆ. ಮಾಧ್ವರ ಮನೆಗಳಲ್ಲಿ ಅತತ್ತ್ವಮಸಿ, ಅದು ನೀನಲ್ಲ ಅಂತ ಹೇಳ್ತಾರೆ. ನಮ್ಮ ಕಾಸರಗೋಡಿನಲ್ಲಿ ಎರಡೂ ಕಡೆಯವರು ಬೇಲಿ ಆಚೆ ಈಚೆ ಇದ್ದೇವೆ, ಒಂದೇ ಬಸ್ಸಿಗೆ ಹೋಗ್ತೇವೆ, ಮದುವೆ ಸಂಬಂಧವೂ ಈಗೀಗ ಆಗ್ತಾ ಉಂಟು, ಆದ್ರೆ ಈ ಒಂದು ವಾಕ್ಯದ ಬಗ್ಗೆ ಕೂತು ಸಮಾಧಾನದಲ್ಲಿ ಮಾತಾಡಿದ್ದು ನಾನಂತೂ ನೋಡಿಲ್ಲ.

ಡ್ರಾಫ್ಟ್ ಬರ್ದು ಇಬ್ಬರು ಹಿರಿಯರಿಗೆ ಕೊಟ್ಟೆ, ಒಬ್ಬರು ನಮ್ಮ ಕಡೆಯವರು, ಒಬ್ಬರು ಮಾಧ್ವರು. ನಮ್ಮವರು "ಚೆಂದ ಬರ್ದಿದ್ದಿ" ಅಂದ್ರು. ಮಾಧ್ವ ಹಿರಿಯರು ಪೂರ್ತಿ ಓದಿ ಕನ್ನಡಕ ತೆಗ್ದು ಮೇಜಿನ ಮೇಲೆ ಇಟ್ಟು "ತಪ್ಪು ಒಂದೂ ಇಲ್ಲ ಮಗಾ, ಆದ್ರೆ ಇದ್ರಲ್ಲಿ ನಾವು ಇಲ್ಲ" ಅಂದ್ರು. ನಾನು ಎರಡೂ ಕಡೆಗೆ ಸರಿಯಾಗಿ ಎಂಟೆಂಟು ನಿಮಿಷ ಕೊಟ್ಟಿದ್ದೆ. ಎಲ್ಲಿ ತಪ್ಪಿದ್ದು ಅಂತ ಎರಡು ದಿನದಿಂದ ತಲೆಯಲ್ಲಿ ಅದೇ ಓಡ್ತಾ ಉಂಟು. ಶುರುವಿನ ಭಾಗ ಹಾಕ್ತೇನೆ, ನೋಡಿ ಹೇಳಿ:

"ಉದ್ದಾಲಕ ಮಹರ್ಷಿ ಮಗನಿಗೆ ಒಂಬತ್ತು ಸಲ ಹೇಳಿದ ಮಾತು: ತತ್ ತ್ವಮ್ ಅಸಿ. ಅದೇ ನೀನು. ಆಚಾರ್ಯರು ಇದರ ಅರ್ಥವನ್ನು ಸ್ಪಷ್ಟಪಡಿಸುತ್ತಾ ಜೀವ ಮತ್ತು ಬ್ರಹ್ಮ ಬೇರೆಯಲ್ಲ ಎಂದು ತೋರಿಸಿಕೊಡುತ್ತಾರೆ. ಆದರೆ ಮಧ್ವರು ಇದನ್ನು ಅತತ್ ತ್ವಮ್ ಅಸಿ ಎಂದು ಬಿಡಿಸಿ, ಜೀವ ಬ್ರಹ್ಮನಲ್ಲ ಎಂದು ವಾದಿಸುತ್ತಾರೆ."

ಮುಳ್ಳೇರಿಯ ಕಿಟ್ಟಣ್ಣ

ಇದ್ರಲ್ಲಿ ಎಂಥ ತಪ್ಪುಂಟು ಮಾರಾಯ್ರೆ, ಸರಿಯಾಗೇ ಉಂಟಲ್ಲ. ಉಪನಿಷತ್ತಿನಲ್ಲಿ ಇರೋದು ತತ್ತ್ವಮಸಿ. ಮಧ್ವರು ಮುಂದೆ ಒಂದು ಅಕಾರ ಸೇರಿಸಿದ್ರು. ಅವರಿಗೆ ಅವರ ಸಿದ್ಧಾಂತಕ್ಕೆ ಬೇಕಿತ್ತು, ಸೇರಿಸಿದ್ರು, ಅದು ಅವರ ಹಕ್ಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ರೆ ಯಾರಿಗೂ ಬೇಜಾರು ಆಗ್ಬಾರ್ದು.

ಮಾಷ್ಟ್ರು

ಕಿಟ್ಟಣ್ಣ, ನೀವು ಹೇಳಿದ ಈ ಮಾತೇ ಆ ಹಿರಿಯರಿಗೆ ಡ್ರಾಫ್ಟಿನಲ್ಲಿ ಕೇಳಿಸಿದ್ದು. ಅದು ಸರಿ ಅಲ್ಲ, ಯಾಕೆ ಅಂತ ಹೇಳ್ತೇನೆ. ನಾನು ಸಂಸ್ಕೃತ ಪಾಠ ಮಾಡಿದವ, ನಾನೂ ಸ್ಮಾರ್ತನೇ, ಆದ್ರೆ ಇಲ್ಲಿ ವ್ಯಾಕರಣ ಮಾತ್ರ ಹೇಳ್ತೇನೆ.

ಉಪನಿಷತ್ತಿನಲ್ಲಿ ತತ್ತ್ವಮಸಿ ಒಂಟಿಯಾಗಿ ಬರೋದಿಲ್ಲ. ಅದಕ್ಕಿಂತ ಮೊದಲು "ಸ ಆತ್ಮಾ" ಅಂತ ಉಂಟು. ಪೂರ್ತಿ ವಾಕ್ಯ ಒಟ್ಟಿಗೆ ಹೇಳಿದ್ರೆ ಕಿವಿಗೆ ಬೀಳೋದು "ಸ ಆತ್ಮಾತತ್ತ್ವಮಸಿ". ಈಗ ವಿದ್ಯಾಭ್ಯಾಸ ಅನ್ನೋ ಶಬ್ದ ತಗೊಳ್ಳಿ. ವಿದ್ಯಾ ಮತ್ತು ಅಭ್ಯಾಸ. ವಿದ್ಯಾ ಅನ್ನೋದರ ಕೊನೆಯ ಆ ಮತ್ತು ಅಭ್ಯಾಸದ ಮೊದಲ ಅ ಸೇರಿ ಒಂದೇ ಆ ಆಯ್ತು, ಐದನೇ ಕ್ಲಾಸಿನ ಮಕ್ಕಳಿಗೂ ಇದು ಗೊತ್ತು. ಅದೇ ಹಾಗೆ ಆತ್ಮಾ ಮತ್ತು ಅತತ್ ಸೇರಿದ್ರೂ ಆತ್ಮಾತತ್ ಅಂತಲೇ ಆಗ್ತದೆ. ಆತ್ಮಾ ಮತ್ತು ತತ್ ಪಕ್ಕಪಕ್ಕ ಇಟ್ಟು ಹೇಳಿದ್ರೂ ಆತ್ಮಾತತ್ ಅಂತಲೇ ಕೇಳ್ತದೆ. ವಿದ್ಯಾಭ್ಯಾಸದಲ್ಲಿ ನಮಗೆ ಗೊಂದಲ ಇಲ್ಲ ಯಾಕೆ ಅಂದ್ರೆ ಭ್ಯಾಸ ಅಂತ ಒಂದು ಶಬ್ದವೇ ಇಲ್ಲ. ಇಲ್ಲಿ ತತ್ ಉಂಟು, ಅತತ್ ಅಂತಲೂ ಆಗ್ಬಹುದು. ಹಾಗಾಗಿ ಮಧ್ವಾಚಾರ್ಯರು ಅಕ್ಷರ ಸೇರಿಸಿದ್ದಲ್ಲ. ಇದ್ದ ಅಕ್ಷರಗಳನ್ನೇ ಬೇರೆ ಕಡೆ ಬಿಡಿಸಿದ್ರು. ಒಂಬತ್ತು ಸಲವೂ ಮುಂದೆ "ಸ ಆತ್ಮಾ" ಇದ್ದೇ ಉಂಟು, ಆದ ಕಾರಣ ಎಷ್ಟು ಸಲ ಬಂತು ಅಂತ ಎಣಿಸಿದ್ರೆ ಈ ಪ್ರಶ್ನೆ ತೀರೋದಿಲ್ಲ.

ಓದುಗರೇ, ನಿಮ್ಮ ಡ್ರಾಫ್ಟಿನ ಮೊದಲ ಸಾಲೇ ನಿರ್ಣಯ ಕೊಟ್ಟಿದೆ. "ಉದ್ದಾಲಕ ಹೇಳಿದ ಮಾತು ತತ್ ತ್ವಮ್ ಅಸಿ" ಅಂತ ನೀವು ಬಿಡಿಸಿಯೇ ಇಟ್ರಿ. ಆಮೇಲೆ ಎಂಟಲ್ಲ ಹದಿನೆಂಟು ನಿಮಿಷ ಕೊಟ್ರೂ ಮಧ್ವಾಚಾರ್ಯರು ಮೂಲವನ್ನು ತಿದ್ದಿದವರ ಹಾಗೆ ಕಾಣ್ತಾರೆ.

ಬದಿಯಡ್ಕದ ಓದುಗ

ಮಾಷ್ಟ್ರೇ ನಿಮ್ಮ ಕಾಲಿಗೆ ಬಿದ್ದೆ. ಇದು ನನಗೆ ಹೊಳೀಲೇ ಇಲ್ಲ, ಸಣ್ಣದಿರುವಾಗಿಂದ ತತ್ತ್ವಮಸಿ ಅಂತಲೇ ಕೇಳಿ ಬೆಳೆದದ್ದು, ಅದು ಒಂದು ಪಕ್ಷ ಅಂತ ನಂಗೆ ಅನ್ನಿಸಿಯೇ ಇರ್ಲಿಲ್ಲ. ಹಾಗಾದ್ರೆ ಸ್ಕ್ರೀನಿನಲ್ಲಿ ಬಿಡಿಸದೆ "ಸ ಆತ್ಮಾತತ್ತ್ವಮಸಿ" ಅಂತ ಒಟ್ಟಿಗೆ ಬರೆಯೋದಾ?

ಅರ್ಥಧಾರಿ

ಬರೆಯೋದು ಮಾತ್ರ ಅಲ್ಲ, ಓದೋದೂ ಹಾಗೇ ಆಗ್ಬೇಕು. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳೋನು, ಎಡನೀರು ಮಠದಲ್ಲೂ ಹೇಳಿದ್ದೇನೆ, ಊರ ದೇವಸ್ಥಾನದ ಜಗಲಿಯಲ್ಲೂ ಹೇಳಿದ್ದೇನೆ, ಹಾಗಾಗಿ ಸ್ವರದ ಬಗ್ಗೆ ಸ್ವಲ್ಪ ಹೇಳ್ಬಹುದು ಅಂದ್ಕೊಳ್ತೇನೆ. ನೀವು "ಸ ಆತ್ಮಾ" ಅಂತ ಹೇಳಿ ಅಲ್ಲಿ ಅರ್ಧ ಉಸಿರು ನಿಲ್ಲಿಸಿ ಆಮೇಲೆ "ತತ್ತ್ವಮಸಿ" ಅಂದ್ರೆ ಅಲ್ಲಿಗೆ ಮುಗೀತು, ಅದ್ವೈತ ಹೇಳಿ ಆಯ್ತು. ಆತ್ಮಾ ಅನ್ನೋದರ ಕೊನೆಯ ಆ ಎಳೆದು ಅದರ ಮೇಲೆ ಒತ್ತು ಹಾಕಿದ್ರೆ ದ್ವೈತ ಆಯ್ತು. ಒಂದೇ ಉಸಿರಿನಲ್ಲಿ, ಎಲ್ಲೂ ಒತ್ತು ಕೊಡದೆ ಹೇಳ್ಬೇಕು, ಅದು ಅಭ್ಯಾಸ ಇಲ್ಲದೆ ಬರೋದಿಲ್ಲ, ನಿಮ್ಮ ವಾಚಕರಿಗೆ ಒಂದು ಹತ್ತು ಸಲ ಹೇಳಿಸಿ ಆಮೇಲೆ ರೆಕಾರ್ಡ್ ಮಾಡಿ.

ಇನ್ನೊಂದು. ನಿಮ್ಮ ಡ್ರಾಫ್ಟಿನಲ್ಲಿ ಒಬ್ಬರು "ಸ್ಪಷ್ಟಪಡಿಸುತ್ತಾರೆ", "ತೋರಿಸಿಕೊಡುತ್ತಾರೆ". ಇನ್ನೊಬ್ಬರು "ವಾದಿಸುತ್ತಾರೆ". ಇದ್ದದ್ದನ್ನು ಸ್ಪಷ್ಟಪಡಿಸೋದು, ಇಲ್ಲದ್ದಕ್ಕೆ ವಾದ ಮಾಡೋದು, ಕೇಳುವವರ ಮನಸ್ಸಿಗೆ ಹಾಗೇ ಹೋಗ್ತದೆ. ಆ "ಆದರೆ" ಕೂಡ ನೋಡಿ. ಆದರೆ ಅಂತ ಯಾರ ಮಾತಿನ ಮುಂದೆ ಬರ್ತದೋ ಅವರು ತಕರಾರು ತೆಗೆದವರು ಅಂತ ಆಗ್ತದೆ. ಇಬ್ಬರಿಗೂ "ಹೇಳುತ್ತಾರೆ" ಅಂತಲೇ ಹಾಕಿ, ಸಾಲು ಸಪ್ಪೆ ಆಯ್ತು ಅಂತ ಕಂಡ್ರೂ ಪರ್ವಾಗಿಲ್ಲ.

ಕುಂಬಳೆ ಸೊಸೆ

ನಿಮ್ಮ ಈ ವಿಷಯ ನಮ್ಮ ಮನೆಯಲ್ಲಿ ದಿನಾ ನಡೀತದೆ ಅಣ್ಣಾ. ನಾನು ಸ್ಮಾರ್ತರ ಮನೆಯಿಂದ ಮಾಧ್ವರ ಮನೆಗೆ ಬಂದವಳು, ಮದುವೆ ಆದ ವರ್ಷ ಏಕಾದಶಿಗೆ ಅಮ್ಮನ ಮನೆ ಪಂಚಾಂಗ ನೋಡಿ ಒಂದಿನ ಉಪವಾಸ ಮಾಡಿದೆ, ಮರುದಿನ ಅತ್ತೆ "ಇವತ್ತು ಏಕಾದಶಿ, ನಿನ್ನೆ ದಶಮಿ ತಾಗಿತ್ತು" ಅಂದ್ರು, ಹಾಗೆ ಎರಡು ದಿನ ಉಪವಾಸ ಆಯ್ತು. ಅತ್ತೆ ತುಂಬ ಒಳ್ಳೆಯವರು, ಎರಡನೇ ದಿನ ನನ್ನ ಮುಖ ನೋಡಿ ಅವರೇ ಹಾಲು ತಂದು ಕೊಟ್ರು. ಎರಡೂ ಕಡೆಯವರಿಗೆ ಒಂದೇ ದಿನ ಏಕಾದಶಿ ಬರೋ ಹಾಗೆ ವಿಡಿಯೋದಲ್ಲಿ ಏನಾದ್ರೂ ಹೇಳ್ಲಿಕ್ಕೆ ಆಗ್ತದಾ?

ಬದಿಯಡ್ಕದ ಓದುಗ

ಅಕ್ಕಾ ಇದು ಏಕಾದಶಿ ನಿರ್ಣಯದ ವಿಡಿಯೋ ಅಲ್ಲ, ಅದು ಬೇರೆಯೇ ಒಂದು ಮಾಡ್ಬೇಕು, ದಶಮಿ ವೇಧೆಯ ಲೆಕ್ಕ ನಂಗೆ ಪೂರ್ತಿ ಗೊತ್ತಿಲ್ಲ. ಆದ್ರೆ ನಿಮ್ಮ ಹತ್ರ ಒಂದು ಕೇಳ್ತೇನೆ. ನಿಮ್ಮ ಅತ್ತೆಯವರು ಬರಿಯ "ಆಚಾರ್ಯರು" ಅಂತ ಹೇಳಿದ್ರೆ ಯಾರನ್ನು ಹೇಳೋದು?

ಕುಂಬಳೆ ಸೊಸೆ

ಮಧ್ವಾಚಾರ್ಯರನ್ನೇ. ನಮ್ಮ ಅಪ್ಪ ಆಚಾರ್ಯರು ಅಂದ್ರೆ ಶಂಕರಾಚಾರ್ಯರು. ಹೌದಲ್ಲಾ, ನಿಮ್ಮ ಡ್ರಾಫ್ಟ್ ನಾನು ಓದಿದಾಗ ಗೊತ್ತಾಗ್ಲಿಲ್ಲ, ಅತ್ತೆ ಕೇಳಿದ್ರೆ ಆ ಸಾಲಿನಲ್ಲಿ ಗಾಬರಿ ಆಗ್ತಿದ್ರು, ಆಚಾರ್ಯರು ಯಾವಾಗ ಜೀವ ಬ್ರಹ್ಮ ಒಂದೇ ಅಂದ್ರು ಅಂತ 😊

ಮಾಷ್ಟ್ರು

ಅಕ್ಕನ ಈ ಉತ್ತರ ಬಹಳ ಉಪಕಾರದ್ದು. ಎಲ್ಲ ಕಡೆ ಶಂಕರಾಚಾರ್ಯರು, ಮಧ್ವಾಚಾರ್ಯರು ಅಂತ ಪೂರ್ತಿ ಹೆಸರು ಹಾಕಿ. ಪಕ್ಷಗಳ ಹೆಸರೂ ಹಾಗೇ. ಅದ್ವೈತಿಗಳನ್ನು ಮಾಯಾವಾದಿಗಳು ಅಂತ ಕರೆಯೋದು ಎದುರಿನವರು, ಅವರು ತಮ್ಮನ್ನು ಹಾಗೆ ಕರ್ಕೊಳ್ಳೋದಿಲ್ಲ. ಮಾಧ್ವರಲ್ಲಿ ಓದಿದವರು ತಮ್ಮ ದರ್ಶನವನ್ನು ತತ್ತ್ವವಾದ ಅಂತ ಹೇಳ್ತಾರೆ. ದ್ವೈತ ಅಂದ್ರೂ ಅವರಿಗೆ ಬೇಸರ ಇಲ್ಲ, ಆದ್ರೆ ಒಂದು ಸಲ ತತ್ತ್ವವಾದ ಅಂತ ಹೇಳಿ ಮುಂದೆ ಹೋದ್ರೆ ಇವರು ನಮ್ಮನ್ನು ಓದಿದ್ದಾರೆ ಅಂತ ಅವರಿಗೆ ಗೊತ್ತಾಗ್ತದೆ.

ಈಗ ಮುಖ್ಯ ವಿಷಯ, ಕಥೆ ಎಲ್ಲಿಂದ ಶುರು ಮಾಡ್ತೀರಿ ಅನ್ನೋದು. ಯಾವುದೇ ಪ್ರಕರಣದ ತಾತ್ಪರ್ಯ ತಿಳೀಬೇಕಾದ್ರೆ ಅದು ಎಲ್ಲಿ ಶುರು ಆಯ್ತು ಎಲ್ಲಿ ಮುಗೀತು ನೋಡಿ ಅಂತ ಎರಡೂ ಕಡೆಯವರು ಹೇಳ್ತಾರೆ, ಆ ನಿಯಮದಲ್ಲಿ ಅವರಿಗೆ ಜಗಳ ಇಲ್ಲ. ಜಗಳ ಇರೋದು ಶುರು ಯಾವುದು ಅನ್ನೋದರಲ್ಲಿ. ಶ್ವೇತಕೇತು 12 ವರ್ಷ ಗುರುಕುಲದಲ್ಲಿದ್ದು 24ನೇ ವಯಸ್ಸಿಗೆ ಮನೆಗೆ ಬರ್ತಾನೆ, ಎಲ್ಲ ಕಲ್ತಿದ್ದೇನೆ ಅನ್ನೋ ಗರ್ವದಲ್ಲಿ ಸೆಟೆದುಕೊಂಡು ಬರ್ತಾನೆ. ಮಾಧ್ವರು ಹೇಳೋದು, ಗರ್ವ ಇರುವ ಮಗನಿಗೆ ಅಪ್ಪ "ನೀನೇ ಬ್ರಹ್ಮ" ಅಂತ ಹೇಳಿಯಾನಾ? "ನೀನು ಅದಲ್ಲ, ಅವನ ಅಧೀನ" ಅಂತ ಒಂಬತ್ತು ಸಲ ಹೇಳಿ ಗರ್ವ ಇಳಿಸಿದ. ಗರ್ವದ ಮಾತು ಬಂದ ಮರು ಸಾಲಿನಲ್ಲೇ ಅಪ್ಪ ಕೇಳ್ತಾನೆ, ಯಾವ ಒಂದನ್ನು ತಿಳಿದ್ರೆ ತಿಳಿಯದ್ದೂ ತಿಳಿದ ಹಾಗೆ ಆಗ್ತದೋ ಅದನ್ನು ಗುರುಗಳ ಹತ್ರ ಕೇಳಿದ್ದೀಯಾ ಅಂತ. ಆಮೇಲೆ ಮಣ್ಣಿನ ಮುದ್ದೆಯ ದೃಷ್ಟಾಂತ ಬರ್ತದೆ. ಮಣ್ಣು ತಿಳಿದ್ರೆ ಮಡಕೆ ಕುಡಿಕೆ ಎಲ್ಲ ತಿಳಿದ ಹಾಗೆ, ಯಾಕೆ ಅಂದ್ರೆ ಅವು ಮಣ್ಣೇ. ಅದ್ವೈತಿಗಳು ಹೇಳೋದು, ಪ್ರಕರಣದ ಶುರು ಇದು, ಒಂದೇ ವಸ್ತು ಉಂಟು ಅನ್ನೋದಕ್ಕೆ ಬೇಕಾಗಿಯೇ ಇಷ್ಟೆಲ್ಲ ಹೇಳಿದ್ದು.

ನಿಮ್ಮ ವಿಡಿಯೋ ಗರ್ವದ ದೃಶ್ಯದಿಂದ ಶುರು ಆದ್ರೆ ನೋಡುವವರ ಮನಸ್ಸು ಅತತ್ ಕಡೆಗೆ ಹೋಗ್ತದೆ, ಮಣ್ಣಿನ ಮುದ್ದೆಯಿಂದ ಶುರು ಆದ್ರೆ ತತ್ ಕಡೆಗೆ. ಅದೃಷ್ಟಕ್ಕೆ ಎರಡೂ ಪಕ್ಕಪಕ್ಕ ಉಂಟು. ಎರಡನ್ನೂ ತಂದು, ಇವರು ಇದನ್ನು ಹಿಡಿದ್ರು, ಅವರು ಅದನ್ನು ಹಿಡಿದ್ರು ಅಂತ ಅಲ್ಲೇ ಹೇಳಿ.

ಕಾವು ರಸ್ತೆ

ನಾನು ಮಾಧ್ವ, ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ಮಾಷ್ಟ್ರು ನಮ್ಮ ಪಕ್ಷವನ್ನು ನಮ್ಮವರೇ ಹೇಳುವ ಹಾಗೆ ಹೇಳಿದ್ರು, ಸಂತೋಷ ಆಯ್ತು. ಒಂದು ಸೇರಿಸ್ತೇನೆ. ಅತತ್ ಅಂತ ಬಿಡಿಸದೆ ತತ್ ಅಂತಲೇ ಬಿಡಿಸಿದ್ರೂ ನಮಗೆ ತೊಂದರೆ ಇಲ್ಲ ಅಂತ ನಮ್ಮ ಗ್ರಂಥಗಳಲ್ಲಿ ಉಂಟು. ಆಗ ನೀನು ಅವನಿಗೆ ಸೇರಿದವನು, ಅವನ ಅಧೀನ ಅಂತ ಅರ್ಥ. ಹಾಗಾಗಿ ನಮ್ಮ ಪಕ್ಷ ಪೂರ್ತಿ ಒಂದು ಅಕಾರದ ಮೇಲೆ ನಿಂತಿದೆ, ಅದು ಬಿದ್ರೆ ಎಲ್ಲ ಬೀಳ್ತದೆ ಅಂತ ಸ್ಕ್ರಿಪ್ಟಿನಲ್ಲಿ ಕಾಣ್ಬಾರ್ದು. ನಮ್ಮ ಪಕ್ಷ ನಿಂತಿರೋದು ದೃಷ್ಟಾಂತಗಳ ಮೇಲೆ. ವಿಷ್ಣುತತ್ತ್ವವಿನಿರ್ಣಯದಲ್ಲಿ ಮಧ್ವಾಚಾರ್ಯರು ಅದನ್ನೇ ಎತ್ತಿ ಹೇಳ್ತಾರೆ. ಹಕ್ಕಿ ಬೇರೆ ಅದನ್ನು ಕಟ್ಟಿದ ದಾರ ಬೇರೆ, ನದಿ ಬೇರೆ ಸಮುದ್ರ ಬೇರೆ, ಕಳ್ಳ ಬೇರೆ ಕದ್ದ ವಸ್ತು ಬೇರೆ. ಒಂದೇ ಅಂತ ಹೇಳ್ಲಿಕ್ಕೆ ಹೊರಟವ ಯಾಕೆ ಪ್ರತಿ ಸಲ ಎರಡು ವಸ್ತುವಿನ ದೃಷ್ಟಾಂತ ಕೊಟ್ಟ?

ಮುಳ್ಳೇರಿಯ ಕಿಟ್ಟಣ್ಣ

ಅಕ್ಷರ ಸೇರಿಸಿದ್ದಲ್ಲ ಅಂತ ಈಗ ಗೊತ್ತಾಯ್ತು ಮಾಷ್ಟ್ರೇ, ನಾನು ಹೇಳಿದ್ದು ತಪ್ಪು. ಆದ್ರೆ ಕಾವು ರಸ್ತೆಯವರೇ, ನದಿ ಸಮುದ್ರಕ್ಕೆ ಸೇರಿದ ಮೇಲೆ ಎಲ್ಲಿ ಬೇರೆ? ಚಂದ್ರಗಿರಿ ಹೊಳೆ ತಳಂಗರೆಯಲ್ಲಿ ಸಮುದ್ರಕ್ಕೆ ಸೇರ್ತದೆ, ಆಮೇಲೆ ನೀವು ಚಂದ್ರಗಿರಿಯ ನೀರು ಇದು ಅಂತ ಒಂದು ಚೆಂಬು ಎತ್ತಿ ತೋರಿಸಿ ನೋಡುವ.

ಕಾವು ರಸ್ತೆ

ನಿಮಗೆ ತೋರಿಸ್ಲಿಕ್ಕೆ ಆಗದಿದ್ರೆ ಅದು ಇಲ್ಲ ಅಂತ ಆಗ್ತದಾ ಕಿಟ್ಟಣ್ಣ? ನದಿಗಳಿಗೆ "ನಾನು ಇಂಥವಳು" ಅಂತ ಗೊತ್ತಿಲ್ಲ ಅಂತ ಉಪನಿಷತ್ತು ಹೇಳ್ತದೆ. ಗೊತ್ತಿಲ್ಲ ಅಂತಲೇ ಹೇಳಿದ್ದು, ಇಲ್ಲ ಅಂತ ಹೇಳ್ಲಿಲ್ಲ. ಹಾಲಿಗೆ ನೀರು ಬೆರೆಸಿದವನಿಗೆ ಎಷ್ಟು ನೀರು ಅಂತ ಗೊತ್ತಿರ್ತದೆ, ಕುಡಿಯುವವನಿಗೆ ಗೊತ್ತಿಲ್ಲ ಅಷ್ಟೆ.

ಅರ್ಥಧಾರಿ

ಇಬ್ಬರೂ ಚೆಂದ ಮಾತಾಡಿದ್ರಿ. ಓದುಗರೇ, ಸ್ಕ್ರಿಪ್ಟಿನಲ್ಲಿ ಬರ್ಬೇಕಾದ್ದು ಇದೇ. ಮೊದಲ ಎಂಟು ನಿಮಿಷ ಅದ್ವೈತ, ಆಮೇಲೆ ಎಂಟು ನಿಮಿಷ ದ್ವೈತ ಅಂತ ಎರಡು ರಾಶಿ ಹಾಕ್ಬೇಡಿ. ಕೊನೆಗೆ ಮಾತಾಡಿದವನ ಮಾತು ಕಿವಿಯಲ್ಲಿ ಉಳೀತದೆ, ತಾಳಮದ್ದಳೆ ಕೂಟದಲ್ಲಿ ನಾವು ಅದನ್ನು ದಿನಾ ನೋಡ್ತೇವೆ, ಕೊನೆಯ ಪದ್ಯ ಸಿಕ್ಕಿದವ ಗೆದ್ದ ಹಾಗೆ. ಒಂದು ದೃಷ್ಟಾಂತ ತಗೊಳ್ಳಿ, ಅದಕ್ಕೆ ಇಬ್ಬರ ಮಾತೂ ಹೇಳಿ, ಮುಂದಿನ ದೃಷ್ಟಾಂತಕ್ಕೆ ಹೋಗುವಾಗ ಮೊದಲು ಮಾತಾಡುವವರನ್ನು ಬದಲಿಸಿ. ಮೂರು ದೃಷ್ಟಾಂತ ಸಾಕು. ಒಂಬತ್ತೂ ಹೇಳ್ಲಿಕ್ಕೆ ಹೊರಟ್ರೆ 20 ನಿಮಿಷದಲ್ಲಿ ಯಾವುದೂ ಮನಸ್ಸಿಗೆ ಹೋಗೋದಿಲ್ಲ.

ಬದಿಯಡ್ಕದ ಓದುಗ

ನಿನ್ನೆ ರಾತ್ರಿ ಕೂತು ಉಪ್ಪಿನ ದೃಷ್ಟಾಂತ ಹೊಸದಾಗಿ ಬರ್ದೆ. ಹಾಕ್ತೇನೆ, ಎರಡೂ ಕಡೆಯವರು ಕತ್ತರಿ ಹಿಡ್ಕೊಂಡು ನೋಡಿ.

"ಅಪ್ಪ ಹೇಳಿದ, ಈ ಉಪ್ಪನ್ನು ನೀರಿಗೆ ಹಾಕಿ ಇಡು, ಬೆಳಿಗ್ಗೆ ಬಾ. ಮಗ ಹಾಗೇ ಮಾಡಿದ. ಬೆಳಿಗ್ಗೆ ಅಪ್ಪ ಹೇಳಿದ, ರಾತ್ರಿ ಹಾಕಿದ ಉಪ್ಪು ತಾ. ಮಗ ನೀರಲ್ಲಿ ಕೈ ಆಡಿಸಿ ಹುಡುಕಿದ, ಸಿಗಲಿಲ್ಲ. ಮೇಲಿನಿಂದ ಕುಡಿದು ನೋಡು ಅಂದ. ಉಪ್ಪು. ನಡುವಿನಿಂದ ಕುಡಿ ಅಂದ. ಉಪ್ಪು. ತಳದಿಂದ ಕುಡಿ ಅಂದ. ಉಪ್ಪೇ. ಮಗನೇ, ಎಲ್ಲದಕ್ಕೂ ಮೂಲವಾದ ಆ ಸತ್ ಇಲ್ಲೇ ಇದೆ, ನಿನಗೆ ಕಾಣುವುದಿಲ್ಲ, ಆದರೂ ಇಲ್ಲೇ ಇದೆ ಎಂದ ಅಪ್ಪ.

ಮಧ್ವಾಚಾರ್ಯರ ಪರಂಪರೆಯವರು ಹೇಳುತ್ತಾರೆ: ಉಪ್ಪು ನೀರಿನ ಎಲ್ಲ ಕಡೆ ಇದೆ, ನೀರಿಗೆ ರುಚಿ ಕೊಡುವುದು ಅದೇ. ಹಾಗೆಂದು ನೀರು ಉಪ್ಪಲ್ಲ. ದೇವರು ಜೀವನ ಒಳಗೂ ಹೊರಗೂ ಇದ್ದು ನಡೆಸುತ್ತಾನೆ, ಜೀವ ದೇವರಲ್ಲ.

ಶಂಕರಾಚಾರ್ಯರ ಪರಂಪರೆಯವರು ಹೇಳುತ್ತಾರೆ: ದೃಷ್ಟಾಂತದಲ್ಲಿ ಅಪ್ಪ ತೋರಿಸಲು ಹೊರಟದ್ದು ಒಂದೇ ಸಂಗತಿ, ಕಣ್ಣಿಗೆ ಕಾಣದ್ದು ಇಲ್ಲದ್ದಲ್ಲ ಎಂದು. ಉಪ್ಪು ನೀರು ಎರಡಿವೆಯಲ್ಲ ಎಂದು ಅದನ್ನು ಮುಂದಕ್ಕೆ ಎಳೆಯಬಾರದು. ಮುಖ ಚಂದ್ರನ ಹಾಗಿದೆ ಎಂದರೆ ಮುಖದಲ್ಲಿ ಕಲೆ ಹುಡುಕುವುದಿಲ್ಲ. ಎಲ್ಲ ಕಡೆ ಕಾಣದೆ ಇರುವ ಆ ಸತ್ತೇ ನಿನ್ನ ನಿಜವಾದ ಸ್ವರೂಪ."

ಮಾಷ್ಟ್ರು

ಬಹಳ ಸುಧಾರಿಸಿದೆ. ಎರಡು ಮಾತು. ಒಂದು, "ಮುಂದಕ್ಕೆ ಎಳೆಯಬಾರದು" ಅಂದ್ರೆ ಎದುರಿನವರು ಎಳೆದಿದ್ದಾರೆ ಅಂತ ಆಯ್ತು. "ಅಷ್ಟಕ್ಕೇ ದೃಷ್ಟಾಂತವನ್ನು ತೆಗೆದುಕೊಳ್ಳಬೇಕು" ಅಂತ ಮಾಡಿ, ಅರ್ಥ ಅದೇ, ಚುಚ್ಚು ಇಲ್ಲ. ಎರಡನೇದು, ಚಂದ್ರನ ಮಾತು ನಿಮ್ಮದು. ಒಂದು ಕಡೆಗೆ ನೀವು ಚೆಂದದ ಉಪಮೆ ಕೊಟ್ರಿ, ಇನ್ನೊಂದು ಕಡೆಗೆ ಕೊಡ್ಲಿಲ್ಲ. ಕೊಟ್ರೆ ಇಬ್ಬರಿಗೂ ಕೊಡಿ, ಇಲ್ಲ ತೆಗೀರಿ.

ಆಮೇಲೆ ಪ್ರತಿ ಪಕ್ಷಕ್ಕೂ ಅದಕ್ಕೆ ಕಷ್ಟ ಆಗುವ ಒಂದು ಪ್ರಶ್ನೆ ಕೇಳಿ, ಉತ್ತರ ಅವರಿಂದಲೇ ಕೊಡಿಸಿ. ಅದ್ವೈತಕ್ಕೆ ಪ್ರಶ್ನೆ: ನಿನ್ನೆ ತಿಂದದ್ದು ನೆನಪಿಲ್ಲದ ನಾನು ಎಲ್ಲ ತಿಳಿದ ಬ್ರಹ್ಮ ಹೇಗೆ ಆದೇನು? ಅದಕ್ಕೆ ಅವರ ಗ್ರಂಥಗಳಲ್ಲಿ "ಅವನೇ ಈ ದೇವದತ್ತ" ಅನ್ನೋ ಉತ್ತರ ಉಂಟು. ಅಂದು ಬೇರೆ ಊರಲ್ಲಿ ನೋಡಿದ ದೇವದತ್ತನನ್ನು ಇಂದು ಇಲ್ಲಿ ನೋಡಿ ಅವನೇ ಇವನು ಅಂತೇವೆ. ಆ ಊರು ಆ ಕಾಲ, ಈ ಊರು ಈ ಕಾಲ ಬಿಟ್ಟು ಮನುಷ್ಯನನ್ನು ಮಾತ್ರ ಹಿಡೀತೇವೆ. ಹಾಗೆಯೇ ಅಲ್ಪಜ್ಞತೆ ಸರ್ವಜ್ಞತೆ ಎರಡನ್ನೂ ಬಿಟ್ರೆ ಉಳಿಯುವ ಚೈತನ್ಯ ಒಂದೇ ಅಂತ ಅವರ ಮಾತು. ತತ್ತ್ವವಾದಕ್ಕೆ ಪ್ರಶ್ನೆ: ಅದೇ ವಾಕ್ಯದಲ್ಲಿ ಮೊದಲು "ಐತದಾತ್ಮ್ಯಮಿದಂ ಸರ್ವಂ", ಇದೆಲ್ಲದರ ಆತ್ಮ ಅದೇ ಅಂತ ಹೇಳಿ, ಕೂಡಲೇ ನೀನು ಅದಲ್ಲ ಅಂತ ಯಾಕೆ ಹೇಳಿಯಾನು? ಕಾವು ರಸ್ತೆಯವರೇ, ಉತ್ತರ ನೀವು ಹೇಳಿದ್ರೆ ಚೆಂದ.

ಕಾವು ರಸ್ತೆ

ಇದೆಲ್ಲಕ್ಕೂ ಅವನೇ ಒಡೆಯ, ಒಳಗಿದ್ದು ನಡೆಸುವವ ಅಂತ ಅದರ ಅರ್ಥ. ಎಲ್ಲದಕ್ಕೂ ಒಡೆಯ ಅವನು ಅಂದ ಮೇಲೆ ನೀನು ಆ ಒಡೆಯ ಅಲ್ಲ ಅಂತ ಹೇಳೋದು ವಿರೋಧ ಆಗೋದಿಲ್ಲ, ಅದರ ಮುಂದಿನ ಮಾತೇ ಆಗ್ತದೆ.

ಈಗ ನಂದೊಂದು ಬೇಡಿಕೆ ಉಂಟು. ಕಾಸರಗೋಡಿನವರು ಈ ವಿಷಯ ಮಾಡಿ ತ್ರಿವಿಕ್ರಮ ಪಂಡಿತಾಚಾರ್ಯರನ್ನು ಬಿಟ್ರೆ ಹೇಗೆ? ಕುಂಬಳೆಯ ಜಯಸಿಂಹ ರಾಜನ ಕಾಲದಲ್ಲಿ ಮಧ್ವಾಚಾರ್ಯರು ಇಲ್ಲಿಗೇ ಬಂದ್ರು, ನಮ್ಮ ನೆಲದಲ್ಲೇ ವಾದ ಆಯ್ತು, ದೊಡ್ಡ ಅದ್ವೈತ ಪಂಡಿತರು ಆಗಿದ್ದ ತ್ರಿವಿಕ್ರಮರು ಅವರ ಶಿಷ್ಯರಾಗಿ ತತ್ತ್ವಪ್ರದೀಪ ಅನ್ನೋ ಗ್ರಂಥ ಬರೆದ್ರು. ಊರಿನ ಮಕ್ಕಳಿಗೆ ಇದು ಗೊತ್ತಾಗ್ಬೇಡ್ವಾ?

ಮುಳ್ಳೇರಿಯ ಕಿಟ್ಟಣ್ಣ

ಆ ಕಥೆ ಹಾಕಿದ್ರೆ ನಮ್ಮವರು ಸೋತ ಕಥೆ ಹಾಕಿದ ಹಾಗೆ. ಮತ್ತೆ ಎಲ್ಲಿ ಸಮ?

ಮಾಷ್ಟ್ರು

ನಿಮ್ಮಿಬ್ಬರ ಮಾತಿನಲ್ಲೂ ತೂಕ ಉಂಟು. ಆ ಪ್ರಸಂಗ ನಮಗೆ ವಿವರವಾಗಿ ಸಿಗೋದು ಮಧ್ವಾಚಾರ್ಯರ ಚರಿತ್ರೆ ಹೇಳುವ ಸುಮಧ್ವವಿಜಯದಲ್ಲಿ. ಬರೆದವರು ನಾರಾಯಣ ಪಂಡಿತಾಚಾರ್ಯರು, ತ್ರಿವಿಕ್ರಮರ ಮಗ. ಮನೆಯವರೇ ಬರೆದದ್ದು ಅಂದ ಮೇಲೆ ಹತ್ತಿರದಿಂದ ತಿಳಿದು ಬರೆದದ್ದು, ಭಕ್ತಿಯಿಂದ ಬರೆದದ್ದು ಕೂಡ. ಹಾಕೋದಾದ್ರೆ "ಸುಮಧ್ವವಿಜಯ ಹೀಗೆ ಹೇಳುತ್ತದೆ" ಅಂತ ಸಾಲಿನ ಒಳಗೇ ಇರ್ಬೇಕು. ವಾಕ್ಯದ ಅರ್ಥ ಹೇಳುವ ಭಾಗದ ಕೊನೆಗೆ ಮಾತ್ರ ಇಡ್ಬೇಡಿ, ಇಟ್ರೆ ಅದು ತೀರ್ಪಿನ ಹಾಗೆ ಕೇಳ್ತದೆ. ಅದೇ ನಾರಾಯಣ ಪಂಡಿತರ ಮಣಿಮಂಜರಿಯನ್ನಂತೂ ಈ ವಿಡಿಯೋಕ್ಕೆ ತರ್ಲೇಬೇಡಿ. ಅದರಲ್ಲಿ ಶಂಕರಾಚಾರ್ಯರ ಬಗ್ಗೆ ಇರೋದು ಈ ವಾಕ್ಯದ ಅರ್ಥಕ್ಕೆ ಸಂಬಂಧ ಇಲ್ಲದ್ದು. ಹಾಗೆಯೇ ಅದ್ವೈತಿಗಳಿಗೆ ಹೇಳುವ ಪ್ರಚ್ಛನ್ನ ಬೌದ್ಧ, ಅಂದ್ರೆ ವೇಷ ಮರೆಸಿದ ಬೌದ್ಧ ಅನ್ನೋ ಬೈಗುಳವೂ ಬೇಡ.

ಬೆಂಗ್ಳೂರಲ್ಲಿರೋ ಮಂಜೇಶ್ವರದವ

ಲೇಟಾಗಿ ಬಂದೆ. ಒಂದು ಪಾಯಿಂಟು. ಮಾಡರ್ನ್ ಸ್ಕಾಲರ್‌ಗಳು ಮೂರನೇದೊಂದು ಹೇಳಿದ್ದಾರಲ್ಲ, ಜೋಯಲ್ ಬ್ರೆರೆಟನ್ ಅಂತ ಅಮೆರಿಕದವರು 1986ರಲ್ಲಿ ಬರೆದ ಲೇಖನ. ತತ್ ಅನ್ನೋದು ನಪುಂಸಕ ಲಿಂಗ, ತ್ವಮ್ ಅಂತ ಇಲ್ಲಿ ಹೇಳಿರೋದು ಗಂಡಸಿಗೆ, ಇಂಥ ಕಡೆ ಆ ಕಾಲದ ಭಾಷೆಯಲ್ಲಿ ಇದು ಅದೇ ಅಂತ ಹೇಳೋ ಪದ್ಧತಿ ಹೀಗಲ್ಲ, ಆದ್ದರಿಂದ "ಹೀಗೆ ನೀನು ಇದ್ದೀಯ" ಅಂತ ಅರ್ಥ ಅಂತ. ಇದನ್ನು ಲಾಸ್ಟಲ್ಲಿ ಹಾಕಿದ್ರೆ ಎರಡೂ ಕಡೆಯವರದ್ದೂ ಅಲ್ಲದ ನ್ಯೂಟ್ರಲ್ ಉತ್ತರ ಸಿಕ್ಕಿದ ಹಾಗೆ ಆಗ್ತದೆ, ಸಮಸ್ಯೆ ಸಾಲ್ವ್.

ಬದಿಯಡ್ಕದ ಓದುಗ

ಅಣ್ಣಾ ಲೇಖನದ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್, ಓದ್ತೇನೆ. ಆದ್ರೆ ವಿಡಿಯೋದ ಕೊನೆಗೆ ಹಾಕೋದಿಲ್ಲ. ಇಬ್ಬರು ಅಣ್ಣತಮ್ಮಂದಿರು ಅಪ್ಪನ ಮಾತಿನ ಅರ್ಥದ ಬಗ್ಗೆ ಮಾತಾಡ್ತಾ ಇರುವಾಗ ಮೂರನೆಯವನನ್ನು ಕರ್ಕೊಂಡು ಬಂದು ನಿಮ್ಮಿಬ್ಬರದ್ದೂ ಸರಿ ಇಲ್ಲ ಅಂತ ಹೇಳಿಸಿದ ಹಾಗೆ ಆಗ್ತದೆ. ಅವರದ್ದೂ ಒಂದು ಪಕ್ಷವೇ. ಪ್ರತ್ಯೇಕ ವಿಡಿಯೋಕ್ಕೆ ಒಳ್ಳೆ ವಿಷಯ.

ಬೆಂಗ್ಳೂರಲ್ಲಿರೋ ಮಂಜೇಶ್ವರದವ

ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ವ್ಯಾಕರಣದ ಪ್ರಶ್ನೆ ನಿಜವಾಗಿ ಇದ್ರೆ ಅದನ್ನು ಮುಚ್ಚಿಡೋದೂ ನೋಡುವವರಿಗೆ ಅನ್ಯಾಯವೇ. ಕನಿಷ್ಠ ಡಿಸ್ಕ್ರಿಪ್ಶನ್ನಲ್ಲಾದ್ರೂ ಒಂದು ಸಾಲು ಹಾಕಿ.

ಕುಂಬಳೆ ಸೊಸೆ

ಉಪ್ಪಿನ ಭಾಗವನ್ನು ಇವತ್ತು ಅತ್ತೆಗೆ ಓದಿ ಹೇಳಿದೆ, ಅಪ್ಪನಿಗೂ ಫೋನಿನಲ್ಲಿ ಓದಿದೆ. ಮಾಷ್ಟ್ರು ಹೇಳಿದ ಎರಡು ಕಡೆ ತಿದ್ದಿಯೇ ಓದಿದ್ದು. ಅತ್ತೆ ಮಾಧ್ವರ ಭಾಗಕ್ಕೆ ತಲೆ ಆಡಿಸಿದ್ರು, ಶಂಕರಾಚಾರ್ಯರ ಭಾಗ ಬಂದಾಗ "ಓ, ಅವರು ಅದನ್ನು ಹಾಗೆ ತಗೊಳ್ಳೋದಾ" ಅಂತ ಕೇಳಿದ್ರು. ಅಪ್ಪ "ನೀರು ಉಪ್ಪಲ್ಲ ಅನ್ನೋದು ಅವರು ಸರಿಯಾಗಿಯೇ ಕೇಳಿದ್ದು, ಅದಕ್ಕೆ ನಮ್ಮವರ ಉತ್ತರ ಇನ್ನೂ ಸ್ವಲ್ಪ ಬಿಡಿಸಿ ಬರೀಲಿ" ಅಂದ್ರು. ನದಿಯ ಭಾಗ ಬರ್ದ ಮೇಲೆ ಕಳಿಸಿ, ಅದನ್ನೂ ಓದಿ ಹೇಳ್ತೇನೆ.

ಬದಿಯಡ್ಕದ ಓದುಗ

ಅಕ್ಕಾ, ನೀವು ಮಾಡಿದ್ದು ದೊಡ್ಡ ಕೆಲ್ಸ. ನಾನೂ ಹಾಗೇ ಮಾಡ್ತೇನೆ. ಆ ಇಬ್ಬರು ಹಿರಿಯರಿಗೆ ಮೊದಲು ಅವರವರ ಪಕ್ಷದ ಸಾಲುಗಳನ್ನು ಮಾತ್ರ ಕೊಟ್ಟು, ನೀವು ಹೀಗೆ ಹೇಳದ ಸಾಲು ಯಾವುದು ಅಂತ ಗೆರೆ ಎಳೆಸ್ತೇನೆ. ಆಮೇಲೆ ಅದಲು ಬದಲು ಮಾಡಿ ಕೊಡ್ತೇನೆ, ಎದುರಿನವರ ಭಾಗದಲ್ಲಿ ನಿಮ್ಮನ್ನು ಚುಚ್ಚುವ ಶಬ್ದ ಇದ್ರೆ ಅದಕ್ಕೆ ಮಾತ್ರ ಗೆರೆ ಎಳೀರಿ ಅಂತ, ಸಿದ್ಧಾಂತ ತಿದ್ದಲಿಕ್ಕೆ ಅಲ್ಲ.

ಶುರುವಿನ ಸಾಲು ಈಗ ಹೀಗುಂಟು: "ಉದ್ದಾಲಕ ಮಹರ್ಷಿ ಮಗನಿಗೆ ಒಂದು ಮಾತನ್ನು ಒಂಬತ್ತು ಸಲ ಹೇಳಿದ. ಅದನ್ನು ಮೊದಲು ಬಿಡಿಸದೆ ಕೇಳೋಣ." ಆಮೇಲೆ ಪೂರ್ತಿ ವಾಕ್ಯ, ಒಂದೇ ಉಸಿರಿನಲ್ಲಿ. ಅದಾದ ಮೇಲೆ ಸ್ಕ್ರೀನಿನಲ್ಲಿ ವಿದ್ಯಾಭ್ಯಾಸ ಬರ್ತದೆ, ಬಿಡಿಸಿ ತೋರಿಸ್ತೇವೆ, ಆಮೇಲೆ ವಾಕ್ಯವನ್ನು ಎರಡು ರೀತಿ ಬಿಡಿಸಿ ಒಂದರ ಪಕ್ಕ ಒಂದು ಇಡ್ತೇವೆ, ಒಂದರ ಕೆಳಗೆ ಒಂದಲ್ಲ. ತ್ರಿವಿಕ್ರಮ ಪಂಡಿತರ ವಿಷಯ ಇನ್ನೂ ನಿರ್ಧಾರ ಆಗ್ಲಿಲ್ಲ, ಗ್ರಂಥಾಲಯದ ಕಮಿಟಿಯಲ್ಲೂ ಎರಡು ಅಭಿಪ್ರಾಯ ಉಂಟು.

ಅರ್ಥಧಾರಿಗಳೇ, ಆದಿತ್ಯವಾರ ರೆಕಾರ್ಡಿಂಗ್. ವಾಚಕಿ ಹತ್ತನೇ ಕ್ಲಾಸಿನ ಹುಡುಗಿ, ಸ್ವರ ಚೆಂದ ಉಂಟು ಆದ್ರೆ ಆತ್ಮಾ ಅಂದ ಕೂಡಲೇ ಅವಳಿಗೆ ಗೊತ್ತಿಲ್ಲದೆ ನಿಲ್ತಾಳೆ. ನಿನ್ನೆ ಹದಿಮೂರು ಸಲ ಹೇಳಿಸಿದೆ, ಎರಡು ಸಲ ಮಾತ್ರ ಸರಿ ಬಂತು. ನಿಮಗೆ ಒಂದು ಗಂಟೆ ಮೊದಲು ಬರ್ಲಿಕ್ಕೆ ಆಗ್ತದಾ?

ಅರ್ಥಧಾರಿ

ಬರ್ತೇನೆ. ಅಲ್ಲಿವರೆಗೆ ಅವಳಿಗೆ "ಸ ಆತ್ಮಾ" ದಿಂದ ಶುರು ಮಾಡ್ಲಿಕ್ಕೆ ಬಿಡ್ಬೇಡಿ. ಹಿಂದಿನ "ತತ್ಸತ್ಯಂ" ನಿಂದ ಹಿಡಿದು ಒಟ್ಟಿಗೆ ಹೇಳ್ಲಿ, ಆಗ ಉಸಿರು ಆತ್ಮಾ ಹತ್ರ ಮುಗಿಯೋದಿಲ್ಲ.